ದುಡ್ಡು ಕಟ್ ಆಯ್ತು, ಆರ್ಡರ್ ಆಗಲಿಲ್ಲ

ಇಳಕಲ್ ಸೀರೆ ಮಾರುವ ಒಂದು ಆನ್‌ಲೈನ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಗ್ರಾಹಕಿಯೊಬ್ಬರು 2,450 ರೂಪಾಯಿಯ ಸೀರೆ ಆರಿಸಿ, ಯುಪಿಐ ಆ್ಯಪ್ ತೆರೆದು ಪಿನ್ ಒತ್ತುತ್ತಾರೆ. ದುಡ್ಡು ಕಟ್ ಆದ ಮೆಸೇಜು ಬ್ಯಾಂಕಿನಿಂದ ಬರುತ್ತದೆ. ಅಂಗಡಿಯ ಪುಟದಲ್ಲಿ ಮಾತ್ರ ಚಕ್ರ ತಿರುಗುತ್ತಲೇ ಇದ್ದು, ಕೊನೆಗೆ ‘ಪಾವತಿ ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ’ ಎಂಬ ಸಾಲು ಕಾಣಿಸುತ್ತದೆ. ಅವರು ಮತ್ತೆ ಪ್ರಯತ್ನಿಸುತ್ತಾರೆ. ಈಗ ಖಾತೆಯಿಂದ ಹೋಗಿರುವುದು 4,900 ರೂಪಾಯಿ. ಬೇಕಿದ್ದದ್ದು ಒಂದೇ ಸೀರೆ.

ಇದರಲ್ಲಿ ಗ್ರಾಹಕಿಯ ತಪ್ಪು ಏನೂ ಇಲ್ಲ. ನೆಟ್‌ವರ್ಕಿನ ಮೇಲೆ ಹಾಕಿ ಕೈತೊಳೆದುಕೊಳ್ಳುವುದೂ ಸರಿಯಲ್ಲ, ಏಕೆಂದರೆ ನೆಟ್‌ವರ್ಕು ಆಗಾಗ ಕೈಕೊಡುವುದು ಎಲ್ಲರಿಗೂ ಮೊದಲೇ ಗೊತ್ತಿರುವ ಸಂಗತಿ. ತಪ್ಪಿರುವುದು ಪರದೆಯ ಮೇಲಿನ ಆ ಸಾಲಿನಲ್ಲಿ. ಪಾವತಿ ವಿಫಲವಾಗಿದೆ ಎಂದು ಅಂಗಡಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಉತ್ತರ ಬಂದಿರಲಿಲ್ಲ, ಅಷ್ಟೇ.

ಯುಪಿಐ ಹಣ ಹಲವು ಕೈ ದಾಟಿ ಹೋಗುತ್ತದೆ. ಗ್ರಾಹಕಿಯ ಆ್ಯಪ್‌ನಿಂದ ಹೊರಟ ಕೋರಿಕೆ ಎನ್‌ಪಿಸಿಐ ಎಂಬ ಕೇಂದ್ರ ಸಂಸ್ಥೆಯ ಮೂಲಕ ಆಕೆಯ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿ ಹಣ ಕಡಿತವಾಗಿ, ಅಂಗಡಿಯ ಕಡೆಯ ಬ್ಯಾಂಕಿನಲ್ಲಿ ಜಮೆಯಾಗುತ್ತದೆ. ಆ ಸುದ್ದಿ ಪೇಮೆಂಟ್ ಗೇಟ್‌ವೇಗೆ ಮುಟ್ಟಿ, ಅಲ್ಲಿಂದ ಅಂಗಡಿಯ ಸರ್ವರಿಗೆ ತಲುಪಬೇಕು. ಹಣ ಮುಂದಕ್ಕೆ ಹೋಗಿ, ‘ಮುಟ್ಟಿತು’ ಎಂಬ ಸುದ್ದಿ ಮಾತ್ರ ನಡುವೆ ಎಲ್ಲೋ ಸಿಕ್ಕಿಕೊಳ್ಳಬಹುದು. ಸರ್ವರು ಇಂತಿಷ್ಟು ಸೆಕೆಂಡು ಕಾದು ಕೈಚೆಲ್ಲುತ್ತದೆ. ಇದಕ್ಕೆ ಟೈಮ್‌ಔಟ್ ಎನ್ನುತ್ತಾರೆ. ಟೈಮ್‌ಔಟ್ ಆದ ಗಳಿಗೆಯಲ್ಲಿ ಅಂಗಡಿಗೆ ಗೊತ್ತಿರುವುದು ಇಷ್ಟೇ: ಏನಾಯಿತೋ ಗೊತ್ತಿಲ್ಲ.

ಆದ್ದರಿಂದ ಪಾವತಿಗೆ ಯಶಸ್ಸು, ವೈಫಲ್ಯ ಎಂಬ ಎರಡೇ ಸ್ಥಿತಿ ಸಾಲದು. ‘ಪೆಂಡಿಂಗ್’ ಎಂಬ ಮೂರನೆಯದೂ ಬೇಕು. ಪಿನ್ ತಪ್ಪಾಗಿದೆ, ಖಾತೆಯಲ್ಲಿ ಹಣ ಸಾಲದು ಎಂದು ಬ್ಯಾಂಕೇ ಹೇಳಿದ್ದರೆ ಅದು ವೈಫಲ್ಯ. ಕೂಡಲೇ ಮತ್ತೆ ಕಟ್ಟಲು ಬಿಡಬಹುದು. ಉತ್ತರವೇ ಬಾರದಿದ್ದರೆ ಅದು ಪೆಂಡಿಂಗ್. ಆಗ ಪರದೆ ಹೀಗೆ ಹೇಳಬೇಕು: ‘ಬ್ಯಾಂಕಿನಿಂದ ಉತ್ತರ ಬರಬೇಕಿದೆ. ಸೀರೆಯನ್ನು ನಿಮಗಾಗಿ ಎತ್ತಿಟ್ಟಿದ್ದೇವೆ. ದಯವಿಟ್ಟು ಮತ್ತೆ ಹಣ ಕಟ್ಟಬೇಡಿ.’ ಎರಡನೆಯ ವಾಕ್ಯ ನನಗೆ ಬಹಳ ಮುಖ್ಯ ಅನಿಸುತ್ತದೆ. ಬೇಕಾದ ಸೀರೆ ಬೇರೆಯವರ ಪಾಲಾದೀತೆಂಬ ಆತಂಕವೇ ಜನರನ್ನು ಮತ್ತೆ ಬಟನ್ ಒತ್ತಲು ದೂಡುತ್ತದೆ.

ಇನ್ನು ಪರದೆಯ ಹಿಂದೆ ಆಗಬೇಕಾದ ಕೆಲಸ. ಗ್ರಾಹಕಿ ಹಣ ಕಟ್ಟಲು ಹೊರಟ ಕೂಡಲೇ ಆ ಖರೀದಿಗೆ ಒಂದು ಆರ್ಡರ್ ಸಂಖ್ಯೆ ಹುಟ್ಟಬೇಕು, ಮುಂದಿನ ಎಲ್ಲ ಪ್ರಯತ್ನಗಳೂ ಅದೇ ಸಂಖ್ಯೆಯಡಿ ನಡೆಯಬೇಕು. ಬಹಳಷ್ಟು ಅಂಗಡಿಗಳು ಎಡವುವುದು ಇಲ್ಲಿಯೇ. ಬಟನ್ ಒತ್ತಿದಾಗಲೆಲ್ಲ ಹೊಸ ಆರ್ಡರ್ ಸೃಷ್ಟಿಯಾದರೆ ಎರಡು ಪಾವತಿಗಳೂ ಎರಡು ಬೇರೆ ಖರೀದಿಗಳಂತೆ ಕಾಣುತ್ತವೆ. ‘ಒಂದೇ ಆರ್ಡರಿಗೆ ಎರಡು ಪಾವತಿ ಬಂದಿದೆಯೇ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಲೆಕ್ಕಪತ್ರವೂ ಚೊಕ್ಕಟವಾಗಿಯೇ ಇರುತ್ತದೆ. ಗ್ರಾಹಕಿ ಫೋನು ಮಾಡಿ ಕೂಗಾಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಸಂಖ್ಯೆಯನ್ನು ಕಟ್ಟಬೇಕಾದದ್ದು ಬಟನ್ನಿಗಲ್ಲ, ಆಕೆ ತುಂಬಿಸಿದ ಕಾರ್ಟಿಗೆ.

ಕಾರ್ಡ್ ಪಾವತಿಯಲ್ಲಿ ಇದರ ಪ್ರಯೋಜನ ನೇರವಾಗಿ ಸಿಗುತ್ತದೆ. ಸರ್ವರು ಗೇಟ್‌ವೇಗೆ ಕೋರಿಕೆ ಕಳಿಸುವಾಗ ‘ಐಡೆಂಪೊಟೆನ್ಸಿ ಕೀ’ ಎಂಬ ಗುರುತನ್ನು ಜೊತೆಗೆ ಕಳಿಸುವ ವ್ಯವಸ್ಥೆ ಹಲವು ಗೇಟ್‌ವೇಗಳಲ್ಲಿದೆ. ಅದೇ ಗುರುತಿನ ಕೋರಿಕೆ ಮತ್ತೆ ಬಂದರೆ ಗೇಟ್‌ವೇ ಹೊಸದಾಗಿ ಹಣ ಕಡಿಯದೆ ಮೊದಲ ಸಲದ ಉತ್ತರವನ್ನೇ ಮರಳಿಸುತ್ತದೆ. ಯುಪಿಐನಲ್ಲಿ ಹಾಗಲ್ಲ. ಗ್ರಾಹಕಿ ಎರಡು ಸಲ ಪಿನ್ ಒತ್ತಿದರೆ ಅವು ಎರಡು ನಿಜವಾದ ಪಾವತಿಗಳು. ಹಾಗಾಗಿ ಮೊದಲನೆಯದು ಇತ್ಯರ್ಥವಾಗುವವರೆಗೆ ಎರಡನೆಯದಕ್ಕೆ ದಾರಿಯನ್ನೇ ತೆರೆಯಬಾರದು.

ಇತ್ಯರ್ಥಕ್ಕೆ ಎರಡು ದಾರಿಗಳಿವೆ, ಎರಡೂ ಬೇಕು. ಗೇಟ್‌ವೇ ತಾನಾಗಿಯೇ ‘ವೆಬ್‌ಹುಕ್’ ಎಂಬ ಸಂದೇಶವನ್ನು ಸರ್ವರಿಗೆ ಕಳಿಸುತ್ತದೆ. ಗ್ರಾಹಕಿ ಫೋನಿನ ಪುಟ ಮುಚ್ಚಿದ್ದರೂ ಇದು ಬರುತ್ತದೆ. ಆದರೆ ತಡವಾಗಬಹುದು, ಎರಡು ಸಲ ಬರಬಹುದು, ಹಿಂದುಮುಂದಾಗಿಯೂ ಬರಬಹುದು. ಅದಕ್ಕೇ ಅಂಗಡಿಯೂ ಸುಮ್ಮನೆ ಕೂರದೆ, ಅರ್ಧ ನಿಮಿಷಕ್ಕೊಮ್ಮೆ, ಆಮೇಲೆ ಐದು ನಿಮಿಷಕ್ಕೊಮ್ಮೆ ಎಂದು ಅಂತರ ಹೆಚ್ಚಿಸುತ್ತಾ ‘ಈ ಆರ್ಡರಿನ ಪಾವತಿ ಏನಾಯಿತು’ ಎಂದು ಗೇಟ್‌ವೇಯನ್ನು ವಿಚಾರಿಸುತ್ತಿರಬೇಕು. ಯಾವ ದಾರಿಯಿಂದ ಸುದ್ದಿ ಬಂದರೂ ಡೇಟಾಬೇಸಿನಲ್ಲಿ ಬದಲಾವಣೆ ಆಗುವುದು ಒಂದು ಷರತ್ತಿನ ಮೇಲೆ: ಆರ್ಡರ್ ಇನ್ನೂ ಪೆಂಡಿಂಗ್ ಆಗಿದ್ದರೆ ಮಾತ್ರ ಅದನ್ನು ‘ಪಾವತಿಯಾಗಿದೆ’ ಎಂದು ಬದಲಿಸು. ಈ ನೋಡುವ ಕೆಲಸ, ಬದಲಿಸುವ ಕೆಲಸ ಒಂದೇ ಏಟಿಗೆ ನಡೆಯಬೇಕು. ಮೊದಲು ನೋಡಿ ಆಮೇಲೆ ಬದಲಿಸಿದರೆ, ನಡುವಿನ ಕ್ಷಣದಲ್ಲಿ ಇನ್ನೊಂದು ಸಂದೇಶ ನುಸುಳಿ ಒಂದೇ ಆರ್ಡರಿಗೆ ಎರಡು ಸೀರೆ ಪ್ಯಾಕ್ ಆಗಬಹುದು. ಒಮ್ಮೆ ‘ಪಾವತಿಯಾಗಿದೆ’ ಎಂದಾದ ಮೇಲೆ, ತಡವಾಗಿ ಬಂದ ವೈಫಲ್ಯದ ಸಂದೇಶ ಅದನ್ನು ಅಳಿಸುವಂತಿಲ್ಲ.

ಇಷ್ಟೆಲ್ಲ ಮಾಡಿದರೂ ಎರಡು ಸಲ ಹಣ ಬರುವುದನ್ನು ಪೂರ್ತಿ ತಡೆಯಲಾಗದು. ನಮ್ಮ ಗ್ರಾಹಕಿ ಗಂಡನ ಫೋನಿನಲ್ಲಿ ಸೈಟು ತೆರೆದು ಹೊಸದಾಗಿ ಕಟ್ಟಿರಬಹುದು. ಅಥವಾ ಅರ್ಧ ಗಂಟೆ ಕಾದು ಅಂಗಡಿ ಆರ್ಡರ್ ರದ್ದು ಮಾಡಿ, ಸೀರೆಯನ್ನು ಬೇರೆಯವರಿಗೆ ಕೊಟ್ಟ ಮೇಲೆ ಮೊದಲಿನ ಪಾವತಿಯ ಸುದ್ದಿ ಬರಬಹುದು. ಇಂಥ ಹಣವನ್ನು ಅಂಗಡಿ ತಾನಾಗಿಯೇ ಹಿಂದಿರುಗಿಸಬೇಕು, ದೂರು ಬರಲೆಂದು ಕಾಯಬಾರದು. ಆ ರೀಫಂಡಿಗೂ ಮೂಲ ಪಾವತಿಗೆ ಕಟ್ಟಿದ ಒಂದೇ ಗುರುತು ಇರಬೇಕು. ಇಲ್ಲವಾದರೆ ಟೈಮ್‌ಔಟ್ ಆಗಿ ರೀಫಂಡೇ ಎರಡು ಸಲ ಹೋದೀತು.

ಹಣ ಕಡಿತವಾಗಿ, ಅಂಗಡಿಗೆ ದೃಢೀಕರಣ ತಲುಪದೇ ಹೋದ ಪ್ರಕರಣಗಳಿಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ನಿಯಮ ಮಾಡಿದೆ. ಯುಪಿಐ ಮೂಲಕ ಅಂಗಡಿಗೆ ಕಟ್ಟಿದ ಹಣವಾದರೆ, ವಹಿವಾಟು ನಡೆದ ಮೇಲೆ 5 ದಿನದೊಳಗೆ ಅದು ತಾನಾಗಿ ಖಾತೆಗೆ ಮರಳಬೇಕು. ಅದನ್ನು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆನ್‌ಲೈನ್ ಕಾರ್ಡ್ ಪಾವತಿಗೂ ಇದೇ ಗಡುವು. ಆದರೆ ಇದು ದೃಢೀಕರಣವಾಗದ ಪಾವತಿಗೆ ಮಾತ್ರ. ಎರಡು ಪಾವತಿಗಳೂ ಅಂಗಡಿಗೆ ಸರಿಯಾಗಿ ಮುಟ್ಟಿದ್ದರೆ ಬ್ಯಾಂಕಿನ ಕಣ್ಣಿಗೆ ಎರಡೂ ಯಶಸ್ವಿಯೇ, ಹಿಂದಿರುಗಿಸಬೇಕಾದದ್ದು ಅಂಗಡಿಯೇ.

ನಿಜಕ್ಕೂ ಎರಡು ಸಲ ಹೋಗಿದೆಯೇ ಎಂದು ತಿಳಿಯಲು ಗ್ರಾಹಕರು ನೋಡಬೇಕಾದದ್ದು ಯುಟಿಆರ್ ಎಂಬ 12 ಅಂಕಿಯ ಸಂಖ್ಯೆ. ಆ್ಯಪ್‌ನ ವಹಿವಾಟಿನ ವಿವರದಲ್ಲಿ ಅದು ಇರುತ್ತದೆ. ಮೆಸೇಜು ಎರಡು ಬಂದು ಸಂಖ್ಯೆ ಒಂದೇ ಆಗಿದ್ದರೆ ಹೋಗಿರುವುದು ಒಂದೇ ಸಲ. ಸಂಖ್ಯೆ ಬೇರೆಯಾಗಿದ್ದರೆ ಎರಡನ್ನೂ ಬರೆದಿಟ್ಟುಕೊಂಡು ಅಂಗಡಿಯನ್ನು ಕೇಳಬೇಕು. ಕೇವಲ ‘ದುಡ್ಡು ಕಟ್ ಆಗಿದೆ’ ಎಂದರೆ ಅವರಿಗೆ ಹುಡುಕುವುದು ಕಷ್ಟ. ಆ ಸಂಖ್ಯೆ ಕೊಟ್ಟರೆ ಪಾವತಿ ನೇರವಾಗಿ ಸಿಗುತ್ತದೆ.

ಅಂಗಡಿಯವರ ಕಡೆ ಕೊನೆಯ ಜರಡಿ ಎಂದರೆ ದಿನದ ತಾಳೆ. ಗೇಟ್‌ವೇ ಕಳಿಸುವ ಜಮಾ ಪಟ್ಟಿಯ ಪ್ರತಿ ಸಾಲಿಗೂ ತಮ್ಮಲ್ಲಿ ಒಂದು ಆರ್ಡರ್ ಇದೆಯೇ ಎಂದು ನೋಡಬೇಕು. ಒಂದೇ ಮೊಬೈಲ್ ಸಂಖ್ಯೆಯಿಂದ, ಒಂದೇ ಮೊತ್ತ, ಹತ್ತು ಹದಿನೈದು ನಿಮಿಷದೊಳಗೆ ಎರಡು ಸಲ ಬಂದಿರುವುದನ್ನು ಬೇರೆಯಾಗಿ ತೆಗೆದಿಡಬೇಕು. ಅಕ್ಕತಂಗಿಗೆಂದು ನಿಜವಾಗಿಯೇ ಎರಡು ಸೀರೆ ಕೊಂಡವರೂ ಅದರಲ್ಲಿ ಇರಬಹುದಾದ್ದರಿಂದ, ಈ ಪಟ್ಟಿಯಲ್ಲಿರುವವರಿಗೆ ರೀಫಂಡ್ ಮಾಡುವ ಮುನ್ನ, ಸೀರೆ ಕಳಿಸುವ ಮುನ್ನ, ಒಂದು ಫೋನು ಮಾಡಿ ಕೇಳುವುದು ಒಳ್ಳೆಯದು.