ಅರವತ್ನಾಲ್ಕರ ಚೌಕದೊಳಗೆ ಮೂಡುವ ಟ್ರಾಮು

‘ಮಳೆಯಲ್ಲಿ ನೆಂದ ಮ್ಯೂನಿಕ್ ಬೀದಿ, ಎದುರಿನಿಂದ ಬರುತ್ತಿರುವ ನೀಲಿ ಟ್ರಾಮು’ ಎಂದು ಬರೆದು ಗುಂಡಿ ಒತ್ತಿದ್ದಾಗಿದೆ. ಬೀದಿಯಿಲ್ಲ, ಟ್ರಾಮಿಲ್ಲ, ತೆರೆಯ ಮೂಲೆಯ ಪುಟ್ಟ ಮುನ್ನೋಟದಲ್ಲಿ ಬರೀ ಬಣ್ಣದ ಚುಕ್ಕೆಗಳ ಗದ್ದಲ. ಅಡ್ಡಕ್ಕೆ 64 ಚುಕ್ಕೆ, ಉದ್ದಕ್ಕೆ 64. ಒಂದೊಂದು ಚುಕ್ಕೆಯ ಹಿಂದೆ ನಾಲ್ಕು ಸಂಖ್ಯೆಗಳು. ಅವು ಕೆಂಪು, ಹಸಿರು, ನೀಲಿಯ ಅಳತೆಗಳಲ್ಲ. ನಮ್ಮ ಕಣ್ಣಿಗೆ ಏನಾದರೂ ಕಾಣಲಿ ಎಂದು ತಂತ್ರಾಂಶ ಅವನ್ನು ಅಂದಾಜಿಗೆ ಬಣ್ಣವಾಗಿಸಿ ತೋರಿಸುತ್ತಿದೆ, ಅಷ್ಟೆ.

ಇದು 2022ರ ಆಗಸ್ಟಿನಲ್ಲಿ ಹೊರಬಂದ ಸ್ಟೇಬಲ್ ಡಿಫ್ಯೂಷನ್. ಕೊನೆಗೆ ಕೈಗೆ ಸಿಗಬೇಕಾದ ಚಿತ್ರ 512 ಅಡ್ಡ, 512 ಉದ್ದ, ಪಿಕ್ಸೆಲ್ಲಿಗೆ ಮೂರು ಬಣ್ಣ. ಲೆಕ್ಕ ಹಾಕಿದರೆ 7,86,432 ಸಂಖ್ಯೆಗಳು. ಈ ಚೌಕದಲ್ಲಿರುವುದು 16,384 ಮಾತ್ರ, ಅಂದರೆ ನಲವತ್ತೆಂಟರಲ್ಲಿ ಒಂದು ಪಾಲು. ಚಿತ್ರದ ಎಂಟಕ್ಕೆಂಟು ಪಿಕ್ಸೆಲ್ಲಿನ ಒಂದು ತುಣುಕಿಗೆ ಇಲ್ಲಿ ಒಂದೇ ಮನೆ. ಆ ಮನೆಗಳ ಚೌಕವೇ ಲೇಟೆಂಟ್ ಸ್ಪೇಸ್.

ಗದ್ದಲ ಕದಲತೊಡಗುತ್ತದೆ. ಇಡೀ ಚೌಕವನ್ನು ಒಮ್ಮೆಲೇ ನೋಡುವ ನರಜಾಲ, ಇದರಲ್ಲಿ ಗದ್ದಲ ಎಷ್ಟೆಂದು ಊಹಿಸುತ್ತದೆ; ಊಹಿಸಿದ್ದರಲ್ಲಿ ಸ್ವಲ್ಪವನ್ನು ಕಳೆದು ಉಳಿದದ್ದನ್ನು ಮತ್ತೆ ನೋಡುತ್ತದೆ. ಮೊದಲ ಕೆಲವು ಸುತ್ತುಗಳಲ್ಲಿ ಮೇಲೆ ಮಂಕು ಬೆಳಕು, ಕೆಳಗೆ ಕಪ್ಪು ನೆಲ, ನಡುವೆ ನೀಲಿಯ ಮುದ್ದೆ. ಹಲವು ಸುತ್ತು ಕಳೆದ ಮೇಲೆ ಮುದ್ದೆಗೆ ಅಂಚು ಬರುತ್ತದೆ, ಕಿಟಕಿಗಳ ಸಾಲು ಬೇರೆಯಾಗುತ್ತದೆ, ಒದ್ದೆ ಹಳಿಗಳು ಹೊಳೆಯುತ್ತವೆ. ಒಟ್ಟು ಐವತ್ತು ಸುತ್ತು ಎಂದಿಟ್ಟುಕೊಳ್ಳಿ. ಬರೆದ ಮಾತನ್ನು ಕೇಳಿಸಿಕೊಂಡು ಒಮ್ಮೆ, ಕೇಳಿಸಿಕೊಳ್ಳದೆ ಒಮ್ಮೆ ಊಹಿಸಿ ಎರಡರ ವ್ಯತ್ಯಾಸವನ್ನು ಹಿಗ್ಗಿಸುವುದು ರೂಢಿಯಾದ್ದರಿಂದ, ಸುಮಾರು 86 ಕೋಟಿ ಪ್ಯಾರಾಮೀಟರುಗಳ ಆ ಜಾಲ ನೂರು ಸಲ ಓಡಬೇಕು. ಒಂದು ಓಟದಲ್ಲಿ ಉಳಿಸಿದ್ದು ನೂರು ಪಟ್ಟಾಗುವುದು ಇಲ್ಲಿಯೇ.

ಇದೇ ಕೆಲಸವನ್ನು ನೇರವಾಗಿ ಪಿಕ್ಸೆಲ್ಲುಗಳ ಮೇಲೆ ಮಾಡಿದ್ದರೆ, ಪ್ರತಿ ಓಟದಲ್ಲೂ 4,096 ಜಾಗಗಳ ಬದಲು 2,62,144 ಜಾಗಗಳನ್ನು ಹಾಯಬೇಕಿತ್ತು: ಅರವತ್ತನಾಲ್ಕು ಪಟ್ಟು. ಪ್ರತಿ ಜಾಗವೂ ಉಳಿದೆಲ್ಲ ಜಾಗಗಳನ್ನು ಗಮನಿಸುವ ‘ಅಟೆನ್ಷನ್’ ಹಂತದಲ್ಲಂತೂ ಹೊರೆ ಆ ಅರವತ್ತನಾಲ್ಕರ ವರ್ಗ, 4,096 ಪಟ್ಟು. ಪಿಕ್ಸೆಲ್ ಮಾದರಿಗಳು ಅಟೆನ್ಷನ್ನನ್ನು ಕುಗ್ಗಿಸಿದ ಒಳಪದರಗಳಿಗಷ್ಟೇ ಸೀಮಿತಗೊಳಿಸಿದ್ದು ಇದಕ್ಕೇ. ಆದರೂ ಆಗಿನ ಉತ್ತಮ ಪಿಕ್ಸೆಲ್ ಮಾದರಿಗಳ ತರಬೇತಿಗೆ ಒಂದು ಜಿಪಿಯುವಿನ 150ರಿಂದ 1000 ದಿನಗಳಷ್ಟು ದುಡಿಮೆ ಹಿಡಿಯುತ್ತಿತ್ತು. ಆ ದುಡಿಮೆಯಲ್ಲಿ ಬಹುಪಾಲು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು 2021ರ ಡಿಸೆಂಬರಿನಲ್ಲಿ ರಾಬಿನ್ ರೊಂಬಾಕ್, ಬ್ಯೋರ್ನ್ ಓಮ್ಮರ್ ಮತ್ತು ಸಂಗಡಿಗರು ತಮ್ಮ ಪ್ರಬಂಧದಲ್ಲಿ ಬಿಡಿಸಿ ಹೇಳಿದರು: ಕಣ್ಣು ಗುರುತಿಸಲಾರದ ಸಣ್ಣ ಏರುಪೇರುಗಳಿಗೆ. ಅದನ್ನು ಬೇರೆಯವರಿಗೆ ವಹಿಸಿಬಿಡೋಣ ಎಂಬುದು ಅವರ ಉಪಾಯ. ಈ ವಿಷಯದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಈ ಕೆಲಸ ಹಂಚಿಕೆಯೇ.

ಆ ಬೇರೆಯವರು ಎಂದರೆ ಮುಂಚೆಯೇ ತರಬೇತಾದ ಒಂದು ಜೋಡಿ: ಚಿತ್ರವನ್ನು ಚೌಕಕ್ಕಿಳಿಸುವ ಎನ್‌ಕೋಡರ್, ಚೌಕದಿಂದ ಚಿತ್ರವನ್ನು ಮರಳಿ ಬಿಡಿಸುವ ಡಿಕೋಡರ್. ಸರಾಸರಿ ತೆಗೆದು ಮಸುಕಾಗಿಸಬಾರದೆಂದು, ಅಸಲಿ ತುಣುಕು ಯಾವುದು, ಬಿಡಿಸಿದ್ದು ಯಾವುದು ಎಂದು ಪತ್ತೆಹಚ್ಚುವ ಇನ್ನೊಂದು ಜಾಲವನ್ನು ಎದುರಾಳಿಯಾಗಿಟ್ಟು ಅವನ್ನು ಪಳಗಿಸಿರುತ್ತಾರೆ. ನಮ್ಮ ಟ್ರಾಮಿನ ಕಥೆಯಲ್ಲಿ ಎನ್‌ಕೋಡರಿಗೆ ಕೆಲಸವೇ ಇಲ್ಲ; ಶುರುವಾದದ್ದು ಗದ್ದಲದಿಂದ. ಡಿಕೋಡರ್ ಕಡೆಯಲ್ಲಿ ಒಂದೇ ಸಲ ಓಡುತ್ತದೆ. ಆಗ ಪುಟ್ಟ ಚೌಕ ಒಮ್ಮೆಲೇ ತೆರೆದುಕೊಂಡು ಗಾಜಿನ ಮೇಲಿನ ಹನಿಗಳು, ಕಲ್ಲುಹಾಸಿನ ಸಂದುಗಳು, ತಂತಿಯ ನೆರಳು ಎಲ್ಲವೂ ಬಂದು ನಿಲ್ಲುತ್ತವೆ.

ಹತ್ತಿರದಿಂದ ನೋಡಿ. ಟ್ರಾಮಿನ ಹಣೆಯ ಫಲಕದಲ್ಲಿ ಅಕ್ಷರದಂತಿರುವ, ಅಕ್ಷರವಲ್ಲದ ಗೀಚು. ದೂರದ ದಾರಿಹೋಕನ ಮುಖ ಕಲಸಿಹೋಗಿದೆ. ತಪ್ಪು ಯಾರದೆಂದು ತಿಳಿಯಬೇಕಾದರೆ ನಿಜವಾದ ಟ್ರಾಮಿನ ಫೋಟೊ ಒಂದನ್ನು ಎನ್‌ಕೋಡರಿಗೆ ಕೊಟ್ಟು, ನಡುವೆ ಏನೂ ಮಾಡದೆ, ನೇರ ಡಿಕೋಡರಿನಿಂದ ಹೊರತೆಗೆಯಬೇಕು. ಕಿಟಕಿ, ಬಾಗಿಲು, ಬಣ್ಣ ಹಾಗೇ ಬರುತ್ತವೆ. ಸಣ್ಣ ಅಕ್ಷರಗಳು ಮಾತ್ರ ಅಲ್ಲಿಯೂ ಕೆಡುತ್ತವೆ. ಎಂಟಕ್ಕೆಂಟರ ತುಣುಕಿನ 192 ಸಂಖ್ಯೆಗಳನ್ನು ನಾಲ್ಕಕ್ಕಿಳಿಸಿದಾಗ ಉಳಿಯದೆ ಹೋದದ್ದು ಅದು. ಈ ಪರೀಕ್ಷೆಯಲ್ಲಿ ಅಕ್ಷರ ಸರಿಯಾಗಿ ಮರಳಿದರೆ ಮಾತ್ರ ಗದ್ದಲ ಕಳೆಯುವ ಜಾಲವನ್ನು ದೂರಬಹುದು.

ಎಷ್ಟು ಕುಗ್ಗಿಸಬೇಕೆಂಬುದನ್ನು ರೊಂಬಾಕ್ ತಂಡ ಅಳೆದು ನೋಡಿತ್ತು. ಬದಿಯನ್ನು ಎರಡು ಪಟ್ಟು ಮಾತ್ರ ಕಿರಿದಾಗಿಸಿದರೆ ಕಲಿಕೆ ತೆವಳುತ್ತದೆ. ಮೂವತ್ತೆರಡು ಪಟ್ಟಾದರೆ ಚಿತ್ರ ಸೊರಗುತ್ತದೆ. ನಾಲ್ಕು, ಎಂಟರ ಆಸುಪಾಸು ಹದ. 2024ರ ಸ್ಟೇಬಲ್ ಡಿಫ್ಯೂಷನ್ 3 ಎಂಟನ್ನೇ ಉಳಿಸಿಕೊಂಡು, ಮನೆಯೊಂದಕ್ಕೆ ನಾಲ್ಕರ ಬದಲು ಹದಿನಾರು ಸಂಖ್ಯೆಗಳನ್ನು ಕೊಟ್ಟಿತು. ಮನೆಗಳ ಎಣಿಕೆ ಹೆಚ್ಚದ ಕಾರಣ ಪ್ರತಿ ಓಟದ ಹೊರೆ ಹೆಚ್ಚೇನೂ ಏರಲಿಲ್ಲ. ಆದರೆ ಊಹಿಸಬೇಕಾದದ್ದು ಹೆಚ್ಚಾಯಿತು, ಅದರ ಪೂರ್ತಿ ಲಾಭ ಸಿಕ್ಕಿದ್ದು ಜಾಲವನ್ನು ದೊಡ್ಡದು ಮಾಡಿದಾಗಲೇ.