ಆರು ಸಾವಿರ ಸಾಲಿನ ಪಿಆರ್ ಬಂದಾಗ ಮೊದಲ ಅರ್ಧ ಗಂಟೆ

ಬಸ್ ಟಿಕೆಟ್ ಮಾರುವ ಆ್ಯಪ್ ಒಂದನ್ನು ನಡೆಸುವ ತಂಡವಿದೆ ಎಂದಿಟ್ಟುಕೊಳ್ಳೋಣ. ಟಿಕೆಟ್ ರದ್ದು ಮಾಡಿದವರಿಗೆ ಹಣ ತಾನಾಗಿಯೇ ವಾಪಸಾಗುವಂತೆ ಇಂಜಿನಿಯರ್ ಒಬ್ಬರು ಮೂರು ವಾರ ಕೂತು ಕೋಡ್ ಬರೆದಿದ್ದಾರೆ. ಅದು ಮುಖ್ಯ ಕೋಡಿಗೆ ಸೇರುವ ಮುನ್ನ ಸಹೋದ್ಯೋಗಿಯೊಬ್ಬರು ನೋಡಿ ಒಪ್ಪಬೇಕು. ‘ಈ ಬದಲಾವಣೆಯನ್ನು ಸೇರಿಸಿಕೊಳ್ಳಿ’ ಎಂಬ ಆ ಮನವಿಯೇ ಪುಲ್ ರಿಕ್ವೆಸ್ಟ್. ಕಚೇರಿಯ ಮಾತಿನಲ್ಲಿ ಪಿಆರ್. ಟೀಮ್ ಲೀಡ್ ತೆರೆದು ನೋಡಿದರೆ 143 ಫೈಲುಗಳು, ಹೊಸದಾಗಿ ಸೇರಿದ 6,200 ಸಾಲುಗಳು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲ ಫೈಲಿನಿಂದಲೇ ಓದಲು ಶುರು ಮಾಡುತ್ತಾರೆ. ಗಿಟ್‌ಹಬ್ ಫೈಲುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುತ್ತದೆಯೇ ಹೊರತು ಮಹತ್ವದ ಕ್ರಮದಲ್ಲಲ್ಲ. ಹಾಗಾಗಿ ಬಟನ್ನಿನ ಬಣ್ಣ ಬದಲಿಸಿದ ಫೈಲಿಗೆ ತಾಜಾ ಗಮನ ಸಿಗುತ್ತದೆ, ಹಣ ಕಳುಹಿಸುವ ಫೈಲಿನ ಸರದಿ ಬರುವಷ್ಟರಲ್ಲಿ ಕಣ್ಣು ಸೋತಿರುತ್ತದೆ. ಸಿಸ್ಕೋ ಕಂಪನಿಯ ತಂಡವೊಂದರ ಕೋಡ್ ರಿವ್ಯೂಗಳನ್ನು ಅಧ್ಯಯನ ಮಾಡಿದ ಸ್ಮಾರ್ಟ್‌ಬೇರ್ ಸಂಸ್ಥೆ, ಒಮ್ಮೆಗೆ 200ರಿಂದ 400 ಸಾಲುಗಳಿಗಿಂತ ಹೆಚ್ಚು ನೋಡಬಾರದು ಎಂದು ಹೇಳಿತ್ತು. 6,200 ಸಾಲು ಅದರ ಹದಿನೈದು ಪಟ್ಟಿಗೂ ಮಿಕ್ಕಿದ್ದು. ಆದ್ದರಿಂದ ಮೊದಲ ಸುತ್ತಿನಲ್ಲಿ ತಪ್ಪು ಹುಡುಕಲು ಹೋಗಬಾರದು. ಇದರಲ್ಲಿ ನಿಜವಾಗಿ ಓದಬೇಕಾದದ್ದು ಎಷ್ಟು, ಅಪಾಯ ಎಲ್ಲಿದೆ, ಇಡಿಯಾಗಿ ಒಪ್ಪಬಹುದೇ ಅಥವಾ ಒಡೆದು ತರಲು ಹೇಳಬೇಕೇ ಎಂಬುದು ತಿಳಿದರೆ ಸಾಕು. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ.

ಕೋಡ್ ತೆರೆಯುವ ಮೊದಲು ಪಿಆರ್ ಜೊತೆಗಿರುವ ವಿವರಣೆಯನ್ನು ಓದಬೇಕು. ನಮ್ಮ ಉದಾಹರಣೆಯಲ್ಲಿ ಶೀರ್ಷಿಕೆ ‘ರೀಫಂಡ್ ಸೌಲಭ್ಯ ಮತ್ತು ಸಣ್ಣಪುಟ್ಟ ಸ್ವಚ್ಛತೆ’ ಎಂದಿದೆ. ಆ ‘ಮತ್ತು’ ಕಂಡಕೂಡಲೇ ಎರಡು ಬೇರೆ ಕೆಲಸಗಳು ಒಂದೇ ಗಂಟಿನಲ್ಲಿವೆ ಎಂದು ತಿಳಿಯುತ್ತದೆ. ಹೇಗೆ ಪರೀಕ್ಷಿಸಿದ್ದಾರೆ, ಕೆಟ್ಟರೆ ಹಿಂದಕ್ಕೆ ತೆಗೆಯುವುದು ಹೇಗೆ ಎಂಬುದು ವಿವರಣೆಯಲ್ಲಿ ಇಲ್ಲದಿದ್ದರೆ ಬರೆದವರನ್ನೇ ಕೇಳಿಬಿಡಿ. ಹತ್ತು ನಿಮಿಷದ ಮಾತಿನಲ್ಲಿ ಬಗೆಹರಿಯುವುದನ್ನು ಕೋಡ್ ನೋಡಿ ಊಹಿಸುತ್ತ ಕೂರಬೇಕಿಲ್ಲ.

ಆಮೇಲೆ ಜಳ್ಳು ತೂರುವ ಕೆಲಸ. ಅದಕ್ಕೆ ಮೂರು ಕಮಾಂಡುಗಳು ಸಾಕು:

```
git diff --stat main...refund
git diff -w --stat main...refund
git diff --diff-filter=D --name-only main...refund
```

ಮೊದಲನೆಯದು ಯಾವ ಫೈಲಿನಲ್ಲಿ ಎಷ್ಟು ಸಾಲು ಬದಲಾಗಿದೆ ಎಂದು ತೋರಿಸುತ್ತದೆ. ನೋಡಿದರೆ `package-lock.json` ಒಂದರಲ್ಲೇ 3,900 ಸಾಲುಗಳಿವೆ. ಇದು ಹೊರಗಿನಿಂದ ತಂದ ಲೈಬ್ರರಿಗಳ ಪಟ್ಟಿ, ಯಂತ್ರವೇ ಬರೆಯುವಂಥದ್ದು. ಸಾಲುಸಾಲಾಗಿ ಯಾರೂ ಓದುವುದಿಲ್ಲ. ಹಾಗೆಂದು ಕಡೆಗಣಿಸುವಂತೆಯೂ ಇಲ್ಲ. ಪಕ್ಕದ `package.json` ತೆರೆದು ಯಾವ ಹೊಸ ಲೈಬ್ರರಿ ಬಂತು, ಯಾಕೆ ಬಂತು ಎಂದು ಕೇಳಲೇಬೇಕು. ಅಲ್ಲಿ ಬದಲಾವಣೆಯೇ ಇಲ್ಲದೆ ಇಲ್ಲಿ ಸಾವಿರಾರು ಸಾಲು ಬದಲಾಗಿದ್ದರೆ ಪ್ರಶ್ನೆ ಇನ್ನೂ ಜರೂರು.

ಎರಡನೆಯ ಕಮಾಂಡಿನ `-w` ಖಾಲಿ ಜಾಗದ ವ್ಯತ್ಯಾಸಗಳನ್ನು ಲೆಕ್ಕದಿಂದ ಕೈಬಿಡುತ್ತದೆ. ನಮ್ಮ ಉದಾಹರಣೆಯಲ್ಲಿ 96 ಫೈಲುಗಳ 1,400 ಸಾಲುಗಳು ಬರೀ ಅಂಚು ಸರಿಪಡಿಸಿದ್ದರಿಂದ ಬಂದವು. ಅವು ಹೋದ ಮೇಲೆ ಮನುಷ್ಯರು ಓದಬೇಕಾದದ್ದು 900 ಸಾಲು ಮಾತ್ರ. ಆದರೆ ಆ 96ರಲ್ಲಿ ಒಂದು ಫೈಲು ಮಾತ್ರ `-w` ಹಾಕಿದರೂ ಪಟ್ಟಿಯಿಂದ ಮರೆಯಾಗಲಿಲ್ಲ. ತೆರೆದರೆ, ಬ್ಯಾಂಕಿನ ಜೊತೆ ಮಾತಾಡುವ ಕೋಡಿನಲ್ಲಿ ಮರುಪ್ರಯತ್ನದ ಸಂಖ್ಯೆ 1 ಇದ್ದದ್ದು 3 ಆಗಿದೆ. ‘ಸ್ವಚ್ಛತೆ’ಯ ರಾಶಿಯೊಳಗೆ ಸೇರಿಕೊಂಡ ಒಂದು ಅಂಕಿ. ಬೇಕೆಂದೇ ಮುಚ್ಚಿಟ್ಟದ್ದಲ್ಲ, ಮೂರು ವಾರದ ಕೆಲಸದಲ್ಲಿ ಎಂದೋ ಒಂದು ದಿನ ಪ್ರಯೋಗಕ್ಕೆಂದು ಬದಲಿಸಿ ಮರೆತದ್ದಿರಬಹುದು.

ಈ ವಿಧಾನದ ಮಿತಿಗಳೂ ಗೊತ್ತಿರಬೇಕು. ಪೈಥಾನ್ ಭಾಷೆಯಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೇ ಅರ್ಥವಿದೆ. ಒಂದು ಸಾಲು ಒಳಗೆ ಸರಿದರೆ ಪ್ರೋಗ್ರಾಂ ನಡೆಯುವ ರೀತಿಯೇ ಬದಲಾಗಬಹುದು, `-w` ಅದನ್ನು ಮರೆಮಾಚಿಬಿಡುತ್ತದೆ. ಇನ್ನು, ಫಾರ್ಮ್ಯಾಟರ್ ಒಂದು ಸಾಲನ್ನು ಎರಡಾಗಿ ಮುರಿದಿದ್ದರೆ `-w` ಅದನ್ನು ನಿಜವಾದ ಬದಲಾವಣೆ ಎಂದೇ ಎಣಿಸುತ್ತದೆ. ಆಗ ಹಳೆಯ ಕೋಡಿನ ಮೇಲೆ ಅದೇ ಫಾರ್ಮ್ಯಾಟರನ್ನು ನಾವೇ ಓಡಿಸಿ, ಅದರ ಜೊತೆ ಹೋಲಿಸಿ ನೋಡುವುದೇ ದಾರಿ. ಗಿಟ್‌ಹಬ್ ಪುಟದಲ್ಲೇ ನೋಡುವವರು ಇನ್ನೊಂದು ಎಚ್ಚರ ವಹಿಸಬೇಕು. ದೊಡ್ಡ ಫೈಲುಗಳ ಬದಲಾವಣೆಯನ್ನು ಅದು ಮಡಚಿಟ್ಟು ‘Load diff’ ಎಂಬ ಬಟನ್ ಮಾತ್ರ ತೋರಿಸುತ್ತದೆ. ಒತ್ತದಿದ್ದರೆ ಆ ಫೈಲು ನೋಡದೆಯೇ ಉಳಿಯುತ್ತದೆ.

ಈಗ ಉಳಿದ 900 ಸಾಲುಗಳಲ್ಲಿ ಕೆಟ್ಟರೆ ರಿಪೇರಿ ಕಷ್ಟವಾಗುವ ಜಾಗಗಳನ್ನು ಹುಡುಕಬೇಕು: ಹಣ, ಡೇಟಾಬೇಸ್, ಯಾರಿಗೆ ಏನು ಮಾಡಲು ಅನುಮತಿ ಎಂಬ ಕೋಡ್. ಪರದೆಯ ಮೇಲಿನ ತಪ್ಪು ಕಂಡಕೂಡಲೇ ತಿದ್ದಬಹುದು. ತಪ್ಪಾಗಿ ಹೋದ ಹಣವನ್ನೂ ಅಳಿಸಿಹೋದ ಮಾಹಿತಿಯನ್ನೂ ಹಿಂದಕ್ಕೆ ತರುವುದು ಅಷ್ಟು ಸುಲಭವಲ್ಲ.

ಆ 3 ಎಂಬ ಅಂಕಿಗೇ ಮರಳೋಣ. 450 ರೂಪಾಯಿ ವಾಪಸ್ ಕೊಡಿ ಎಂದು ನಮ್ಮ ಸರ್ವರ್ ಬ್ಯಾಂಕಿಗೆ ಹೇಳಿತು. ಬ್ಯಾಂಕು ಕೊಟ್ಟೂ ಕೊಟ್ಟಿತು, ಆದರೆ ‘ಕೊಟ್ಟೆ’ ಎಂಬ ಉತ್ತರ ನೆಟ್‌ವರ್ಕಿನಲ್ಲಿ ಕಳೆದುಹೋಯಿತು. ನಮ್ಮ ಕೋಡು ವಿಫಲವಾಯಿತೆಂದು ತಿಳಿದು ಮತ್ತೆ ಕೇಳುತ್ತದೆ. ಮೂರು ಸಲ ಕೇಳಿದರೆ ಗ್ರಾಹಕರಿಗೆ 1,350 ರೂಪಾಯಿ ಹೋಗಬಹುದು. ಇದನ್ನು ತಡೆಯಲು ಪ್ರತಿ ರೀಫಂಡಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಎಷ್ಟೇ ಸಲ ಕೇಳಿದರೂ ಅದೇ ಸಂಖ್ಯೆಯನ್ನು ಕಳುಹಿಸುತ್ತಾರೆ. ‘ಇದನ್ನು ಆಗಲೇ ಕೊಟ್ಟಾಗಿದೆ’ ಎಂದು ಆ ಕಡೆಯವರು ಗುರುತಿಸುತ್ತಾರೆ. ಐಡೆಂಪೊಟೆನ್ಸಿ ಕೀ ಎಂದು ಇದರ ಹೆಸರು. ಲೀಡ್ ಈ ಪಿಆರ್‌ನಲ್ಲಿ ಅದಿದೆಯೇ ಎಂದು ಹುಡುಕಬೇಕು. ಇದ್ದರೂ, ಪ್ರತಿ ಪ್ರಯತ್ನದಲ್ಲೂ ಹೊಸ ಸಂಖ್ಯೆ ಹುಟ್ಟಿಸುತ್ತಿದ್ದರೆ ಅದು ಇಲ್ಲದಿರುವುದಕ್ಕೆ ಸಮ.

ಡೇಟಾಬೇಸ್ ಕಡೆ ನೋಡಿದರೆ, `amount` ಎಂಬ ಕಾಲಮ್ಮಿನ ಹೆಸರು `amount_paise` ಎಂದಾಗಿದೆ. ರೂಪಾಯಿ ಬದಲು ಪೈಸೆಯಲ್ಲಿ ಲೆಕ್ಕ ಇಡುವುದು ಒಳ್ಳೆಯದೇ. ಆದರೆ ಹೊಸ ಕೋಡ್ ಎಲ್ಲ ಸರ್ವರುಗಳಿಗೂ ಒಂದೇ ಕ್ಷಣದಲ್ಲಿ ಹೋಗುವುದಿಲ್ಲ. ಕೆಲವು ನಿಮಿಷ ಹಳೆಯದೂ ಹೊಸದೂ ಒಟ್ಟಿಗೆ ಓಡುತ್ತಿರುತ್ತವೆ, ಹಳೆಯ ಕೋಡು `amount` ಕೇಳಿದರೆ ಅದು ಅಲ್ಲಿರುವುದಿಲ್ಲ. ಏನೋ ಕೆಟ್ಟಿತೆಂದು ಹಳೆಯ ಕೋಡಿಗೆ ಮರಳಿದರೂ ಅದೇ ಗತಿ. ಸರಿಯಾದ ಕ್ರಮದಲ್ಲಿ ಮೊದಲು ಹೊಸ ಕಾಲಮ್ ಸೇರಿಸಿ ಎರಡಕ್ಕೂ ಬರೆಯಬೇಕು, ಹಳೆಯ ಮಾಹಿತಿಯನ್ನು ನೂರರಿಂದ ಗುಣಿಸಿ ತುಂಬಬೇಕು, ಓದುವುದನ್ನು ಹೊಸದಕ್ಕೆ ಬದಲಿಸಬೇಕು; ಕೆಲವು ದಿನ ನೋಡಿ ಆಮೇಲೆ ಹಳೆಯದನ್ನು ತೆಗೆಯಬೇಕು. ಇವು ಒಂದೇ ಪಿಆರ್‌ನಲ್ಲಿ ಒಟ್ಟಿಗೆ ಹೋಗುವಂಥವಲ್ಲ.

ಕೊನೆಗೆ ಟೆಸ್ಟುಗಳು. ಹೊಸ ಟೆಸ್ಟುಗಳಿಗಿಂತ ಮೊದಲು ಅಳಿಸಿದ ಮತ್ತು ತಿದ್ದಿದ ಟೆಸ್ಟುಗಳನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೂರನೆಯ ಕಮಾಂಡು ಅಳಿಸಿದ ಫೈಲುಗಳ ಹೆಸರು ಕೊಡುತ್ತದೆ. ನಿನ್ನೆವರೆಗೆ ಸಿಸ್ಟಮ್ ಪಾಲಿಸುತ್ತಿದ್ದ ಯಾವ ನಿಯಮವನ್ನು ಇವತ್ತು ಬಿಟ್ಟುಕೊಟ್ಟೆವು ಎಂಬುದು ತಿಳಿಯುವುದು ಅಲ್ಲಿಯೇ.

ಇಷ್ಟಾದ ಮೇಲೆ ಲೀಡ್ ಉತ್ತರ ಬರೆಯಬೇಕು, ಅದೂ ಅದೇ ದಿನ. ಈ ಹಂತದಲ್ಲಿ ವೇರಿಯಬಲ್ ಹೆಸರುಗಳ ಬಗ್ಗೆ ಟಿಪ್ಪಣಿ ಬೇಡ. ನಾಳೆ ಆ ಕೋಡೇ ಬದಲಾಗಬಹುದು. ‘ಅಂಚು ಸರಿಪಡಿಸಿದ್ದನ್ನು ಬೇರೆ ಪಿಆರ್ ಮಾಡಿ, ಇವತ್ತೇ ಒಪ್ಪುತ್ತೇನೆ. ಲೈಬ್ರರಿ ಇನ್ನೊಂದು. ಹೊಸ ಕಾಲಮ್ ಸೇರಿಸುವುದು ಮೂರನೆಯದು. ರೀಫಂಡ್ ಕೋಡ್ ಕೊನೆಗೆ ಬರಲಿ. ಮರುಪ್ರಯತ್ನ 3 ಆದದ್ದು ಯಾಕೆಂದು ತಿಳಿಸಿ’ ಎಂದು ಸ್ಪಷ್ಟವಾಗಿ ಬರೆದರೆ ಇಂಜಿನಿಯರಿಗೂ ಮುಂದಿನ ದಾರಿ ಕಾಣುತ್ತದೆ.

ಒಡೆಯಲಾಗದ ಪಿಆರ್‌ಗಳೂ ಇವೆ. ಇಡೀ ಫ್ರೇಮ್‌ವರ್ಕನ್ನು ಹೊಸ ಆವೃತ್ತಿಗೆ ಏರಿಸುವಾಗ ಎಲ್ಲವೂ ಒಟ್ಟಿಗೇ ಬದಲಾಗುತ್ತದೆ. ಅಂಥದ್ದನ್ನು ಬರೆದವರ ಪಕ್ಕದಲ್ಲೇ ಕೂತು, ಅಪಾಯದ ಜಾಗಗಳನ್ನು ಇಬ್ಬರಿಗೆ ಹಂಚಿ ಓದಿಸಿ. ಶುಕ್ರವಾರ ಸಂಜೆ ಮಾತ್ರ ಮರ್ಜ್ ಮಾಡಬೇಡಿ.