ಲೀಟರ್ ಹೇಳಿದರೆ ಗ್ಯಾಸ್ಕೆಟ್ ಸಿಗದು

ಪಾತ್ರೆ ಅಂಗಡಿಗೆ ಹೋಗಿ ಕುಕ್ಕರ್ ಗ್ಯಾಸ್ಕೆಟ್ ಕೇಳಿದರೆ ಮೊದಲು ಬರುವ ಪ್ರಶ್ನೆ, ‘ಎಷ್ಟು ಲೀಟರ್?’ ನಾವು ‘ಐದು’ ಅನ್ನುತ್ತೇವೆ, ಅಂಗಡಿಯವರು ಮೊಳೆಗೆ ನೇತುಹಾಕಿದ ಗೊಂಚಲಿನಿಂದ ಒಂದನ್ನು ತೆಗೆದು ಕೊಡುತ್ತಾರೆ. ಮನೆಗೆ ತಂದು ಹಾಕಿದರೆ ಅದು ಒಂದು ಕಡೆ ಉಬ್ಬಿ ನಿಲ್ಲುತ್ತದೆ, ಇಲ್ಲವೇ ಎಳೆದು ಎಳೆದು ತೊಡಿಸಬೇಕಾಗುತ್ತದೆ. ಲೀಟರ್ ಎಂಬುದು ಕುಕ್ಕರಿನ ಹೊಟ್ಟೆಯ ಅಳತೆ, ಗ್ಯಾಸ್ಕೆಟ್ ಕೂರುವುದು ಬಾಯಿಗೆ. ಎತ್ತರದ 5 ಲೀಟರ್ ಕುಕ್ಕರಿಗೂ ಅಗಲ ಬಾಯಿಯ 3 ಲೀಟರ್ ಕುಕ್ಕರಿಗೂ ಒಂದೇ ಗ್ಯಾಸ್ಕೆಟ್ ಆಗಬಹುದು. ಐದೈದು ಲೀಟರಿನ ಎರಡು ಕುಕ್ಕರಿಗೆ ಬೇರೆ ಬೇರೆಯೇ ಬೇಕಾಗಬಹುದು.

ಹಾಕಿನ್ಸ್ ಕಂಪನಿಯ ಪೊಟ್ಟಣಗಳನ್ನೇ ನೋಡಿ. ಎ10-09 ಎಂಬ ಗ್ಯಾಸ್ಕೆಟ್ 2ರಿಂದ 4 ಲೀಟರಿನ ಕುಕ್ಕರುಗಳಿಗೆ, ಬಿ10-09 ಎಂಬುದು 3.5ರಿಂದ 8 ಲೀಟರಿನವಕ್ಕೆ. ಮೂರೂವರೆಯಿಂದ ನಾಲ್ಕರ ನಡುವಿನ ಕುಕ್ಕರ್ ಇಟ್ಟುಕೊಂಡವರು ಬರೀ ಲೀಟರ್ ಹೇಳಿದರೆ ಯಾವುದನ್ನು ಕೊಡಬೇಕು? ಇದರ ಮೇಲೆ ಅದೇ ಕಂಪನಿಯ ಫ್ಯೂಚುರಾ ಕುಕ್ಕರಿಗೆ ಬೇರೆಯೇ ಗ್ಯಾಸ್ಕೆಟ್ ಇದೆ. ಹಾಗಾಗಿ ಕಂಪನಿಯ ಹೆಸರು, ಲೀಟರ್ ಎರಡೂ ಗೊತ್ತಿದ್ದರೂ ಸಾಲದು. ಮಾಡೆಲ್ ಯಾವುದೆಂದು ಸರಿಯಾಗಿ ಹೇಳುವುದು ಮುಚ್ಚಳ.

ಮುಚ್ಚಳದಲ್ಲಿ ಮೊದಲು ನೋಡಬೇಕಾದದ್ದು ಅದು ಪಾತ್ರೆಯ ಒಳಗೆ ಹೋಗುತ್ತದೋ, ಮೇಲೆ ಕೂರುತ್ತದೋ ಎಂಬುದು. ಒಳಮುಚ್ಚಳದ ಕುಕ್ಕರಿನ ಬಾಯಿ ಪೂರ್ತಿ ದುಂಡಗಿರುವುದಿಲ್ಲ, ತುಸು ಮೊಟ್ಟೆಯಾಕಾರ. ಮುಚ್ಚಳವನ್ನು ಓರೆ ಮಾಡಿ ಒಳಗಿಳಿಸಿ, ತಿರುಗಿಸಿ, ಮೇಲಕ್ಕೆತ್ತಿ ಹಿಡಿಗೆ ಸಿಕ್ಕಿಸುತ್ತೇವೆ. ಒಳಗಿನ ಹಬೆ ಮುಚ್ಚಳವನ್ನು ಕೆಳಗಿನಿಂದ ಒತ್ತಿ ಬಾಯಿಯ ಅಂಚಿಗೆ ಬಿಗಿಯುತ್ತದೆ. ಇಲ್ಲಿ ಗ್ಯಾಸ್ಕೆಟ್ಟನ್ನು ಮುಚ್ಚಳದ ಅಂಚಿಗೆ ಹೊರಗಿನಿಂದ, ಸುತ್ತಲೂ ತೊಡಿಸುತ್ತಾರೆ. ಕಳಚಿ ಕೆಳಗಿಟ್ಟರೆ ಅದು ದುಂಡಗೆ ಕಾಣುತ್ತದೆ, ಮುಚ್ಚಳಕ್ಕೆ ತೊಡಿಸಿದಾಗ ಅದರ ಆಕಾರಕ್ಕೆ ಬರುತ್ತದೆ. ಹಳೆಯ ಗ್ಯಾಸ್ಕೆಟ್ ಒಂದನ್ನೇ ಹಿಡಿದು ಅಂಗಡಿಗೆ ಹೋದವರು ಮೋಸಹೋಗುವುದು ಇಲ್ಲೇ: ಅದರ ದುಂಡು ನೋಡಿದರೆ ಹೊರಮುಚ್ಚಳದ್ದೆಂದೇ ಅನಿಸಿಬಿಡುತ್ತದೆ.

ಹೊರಮುಚ್ಚಳದ ಕುಕ್ಕರಿನ ಬಾಯಿ ಪೂರ್ತಿ ದುಂಡು. ಮುಚ್ಚಳವನ್ನು ಮೇಲಿಟ್ಟು ತಿರುಗಿಸಿದಾಗ ಅದರ ಅಂಚಿನ ಒಳಗಿರುವ ಹಲ್ಲುಗಳು ಪಾತ್ರೆಯ ಅಂಚಿನ ಕೆಳಗೆ ಸರಿದು ಹಿಡಿದುಕೊಳ್ಳುತ್ತವೆ. ಗ್ಯಾಸ್ಕೆಟ್ ಕೂರುವುದು ಮುಚ್ಚಳದ ಒಳಗಿನ ಕಾಲುವೆಯಲ್ಲಿ, ಹಲ್ಲುಗಳ ಮೇಲ್ಭಾಗದಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ತುಂಬ ಬಳಕೆಯಲ್ಲಿರುವ ಪ್ರೆಸ್ಟೀಜಿನ ಹೊರಮುಚ್ಚಳಗಳಲ್ಲಿ ಇನ್ನೊಂದು ಗುರುತು ಸಿಗುತ್ತದೆ. ಮುಚ್ಚಳದ ಅಂಚಿನಲ್ಲಿ ಒಂದು ಕಡೆ ಉದ್ದನೆಯ ಸಣ್ಣ ಕಿಂಡಿ ಇರುತ್ತದೆ. ವಿಷಲ್ ದಾರಿ ಕಟ್ಟಿಕೊಂಡು ಒತ್ತಡ ಮಿತಿಮೀರಿದರೆ ಗ್ಯಾಸ್ಕೆಟ್ ಆ ಕಿಂಡಿಯಿಂದ ಹೊರಕ್ಕೆ ಉಬ್ಬಿ ಹಬೆಯನ್ನು ಬಿಟ್ಟುಬಿಡುತ್ತದೆ. ಅಂದರೆ ಇಲ್ಲಿ ಗ್ಯಾಸ್ಕೆಟ್ ಒಂದು ಸುರಕ್ಷತೆಯ ಭಾಗವೂ ಹೌದು. ಅಳತೆಗೆ ಸರಿಹೋಯಿತೆಂದು ದಪ್ಪನೆಯ, ಗಡುಸಾದ ಬೇರೆ ರಬ್ಬರನ್ನು ಹಾಕಿದರೆ ಅದು ಉಬ್ಬಬೇಕಾದ ಹೊತ್ತಿಗೆ ಉಬ್ಬದೇ ಹೋಗಬಹುದು. ಕಿಂಡಿ ಇರುವ ಮುಚ್ಚಳಕ್ಕೆ ಅದೇ ಕಂಪನಿಯ, ಅದೇ ಮಾಡೆಲಿನ ಗ್ಯಾಸ್ಕೆಟ್ಟನ್ನಷ್ಟೇ ತರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಹತ್ತಿಪ್ಪತ್ತು ರೂಪಾಯಿ ಉಳಿಸುವ ಜಾಗ ಇದಲ್ಲ. ಒಂದೇ ಕಂಪನಿ ಒಳಮುಚ್ಚಳ, ಹೊರಮುಚ್ಚಳ ಎರಡನ್ನೂ ಮಾಡುವುದುಂಟು. ಕ್ಲಿಪ್ ಹಾಕುವ ಮುಚ್ಚಳದ್ದು ಮತ್ತೊಂದು ಬಗೆ. ಅಂಗಡಿಯಲ್ಲಿ ಮೊದಲು ಮುಚ್ಚಳದ ಬಗೆ ಹೇಳಿ, ಕಂಪನಿಯ ಹೆಸರು ಆಮೇಲೆ ಬರಲಿ.

ಕುಕ್ಕರಿನ ತಳದಲ್ಲಿ ಕಂಪನಿ, ಲೀಟರ್, ಐಎಸ್‌ಐ ಗುರುತು ಒತ್ತಿರುತ್ತಾರೆ. ವರ್ಷಗಟ್ಟಲೆ ಒಲೆಯ ಮೇಲಿಟ್ಟು, ಉಜ್ಜಿ ತಿಕ್ಕಿದ ಅಲ್ಯೂಮಿನಿಯಂ ಕುಕ್ಕರಿನಲ್ಲಿ ಅದು ಅಳಿಸಿಹೋಗಿರುತ್ತದೆ. ನೆರೆಮನೆಯವರ ಒಂದು ಕುಕ್ಕರ್ ಹಾಗೇ ಇತ್ತು. ಮುಚ್ಚಳ ದುಂಡು, ಮೇಲೆ ಕೂತು ತಿರುಗುವಂಥದ್ದು, ಅಂಚಿನಲ್ಲಿ ಕಿಂಡಿ ಇದೆ. ಬಗೆ ಗೊತ್ತಾಯಿತು, ಅಳತೆ ಉಳಿಯಿತು. ಹಳೆಯ ಗ್ಯಾಸ್ಕೆಟ್ ಅಳೆಯುವುದರಲ್ಲಿ ಅರ್ಥವಿರಲಿಲ್ಲ, ಬಿಸಿಗೂ ಎಣ್ಣೆಗೂ ಸಿಕ್ಕಿ ರಬ್ಬರ್ ಮೂಲ ಅಳತೆಯಲ್ಲಿ ಉಳಿದಿರುವುದಿಲ್ಲ. ಅಳೆಯಬೇಕಾದದ್ದು ಅದು ಕೂರುವ ಕಾಲುವೆಯನ್ನು. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಿಂದ ಒಂದು ಬೆರಳಗಲದ ಪಟ್ಟಿ ಕತ್ತರಿಸಿ, ಸಾಲದಿದ್ದರೆ ಇನ್ನೊಂದನ್ನು ಅಂಟಿಸಿ, ಕಾಲುವೆಯ ಹೊರಗೋಡೆಗೆ ತಾಗುವಂತೆ ನಿಲ್ಲಿಸಿ ಸುತ್ತಿದೆವು. ಎರಡು ತುದಿ ಕೂಡಿದಲ್ಲಿ ಪೆನ್ನಿನಿಂದ ಗೆರೆ ಎಳೆದು, ಬಿಡಿಸಿ ಟೇಪಿನಲ್ಲಿ ಅಳೆದರೆ 69 ಸೆಂಟಿಮೀಟರ್. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 22. ಬೇಕಾದದ್ದು ಹೊರ ಅಡ್ಡಳತೆ 22 ಸೆಂಟಿಮೀಟರ್ ಇರುವ ಗ್ಯಾಸ್ಕೆಟ್. ಪ್ರೆಸ್ಟೀಜಿನವರು ಜೂನಿಯರ್, ಸೀನಿಯರ್ ಎಂದು ಹೆಸರಿಟ್ಟು ಮಾರುತ್ತಾರೆ. ಆ ಹೆಸರುಗಳು ಗೊತ್ತಿಲ್ಲದಿದ್ದರೂ ಈ ಒಂದು ಅಂಕಿ ಕೈಯಲ್ಲಿದ್ದರೆ ಅಂಗಡಿಯವರು ಹುಡುಕಿ ಕೊಡುತ್ತಾರೆ. ಒಳಮುಚ್ಚಳವಾದರೆ ಈ ಲೆಕ್ಕ ನಡೆಯದು, ಅದು ದುಂಡಗಿಲ್ಲ. ಮುಚ್ಚಳವನ್ನೇ ಚೀಲಕ್ಕೆ ಹಾಕಿಕೊಂಡು ಹೋಗುವುದು ಒಳ್ಳೆಯದು.

ಹಳೆಯ ಗ್ಯಾಸ್ಕೆಟ್ಟನ್ನೂ ಜೊತೆಗೆ ಒಯ್ಯಿರಿ. ಅದರ ಸುತ್ತಳತೆಯನ್ನು ನಂಬಬೇಡಿ, ಆದರೆ ಅದನ್ನು ಒಂದು ಕಡೆ ಕತ್ತರಿಸಿ ಸೀಳಿನ ಮುಖ ನೋಡಿದರೆ ಅದು ಚಪ್ಪಟೆಯೋ, ಒಂದು ಬದಿಗೆ ತುಟಿ ಇರುವುದೋ, ಎಷ್ಟು ದಪ್ಪ ಎಂಬುದು ತಿಳಿಯುತ್ತದೆ. ಹೊಸದರಲ್ಲೂ ಅದೇ ಆಕಾರ ಇರಬೇಕು. ಅಂಗಡಿಯಲ್ಲೇ ಮುಚ್ಚಳಕ್ಕೆ ಹಾಕಿ ನೋಡಿ: ಎಳೆಯದೆ, ಅದುಮದೆ, ಎಲ್ಲೂ ಅಲೆ ಬಾರದೆ ತಾನೇ ಕೂರಬೇಕು. ದೊಡ್ಡದಾದರೆ ಒಂದೆಡೆ ಮೇಲೆದ್ದು ನಿಲ್ಲುತ್ತದೆ, ಮುಚ್ಚಳ ತಿರುಗಿಸಲು ವಿಪರೀತ ಬಿಗಿಯಾಗುತ್ತದೆ. ಚಿಕ್ಕದಾದರೆ ಮುಚ್ಚಳ ಸಲೀಸಾಗಿ ಕೂರುತ್ತದೆ, ಆದರೆ ಅಂಚಿನಿಂದ ಹಬೆ ಹೋಗಿ ವಿಷಲ್ ಕೂಗುವುದೇ ಇಲ್ಲ.

ಮನೆಗೆ ಬಂದ ಮೇಲೆ ಬೇಳೆ ಹಾಕುವ ಮುನ್ನ ಎರಡು ಲೋಟ ನೀರಿಟ್ಟು ಒಮ್ಮೆ ಕೂಗಿಸಿ. ಹೊಸ ಗ್ಯಾಸ್ಕೆಟ್ ಹಾಕಿಯೂ ಅಂಚಿನಲ್ಲಿ ನೀರಿಳಿದರೆ ಅದು ಇಳಿಯುವ ಜಾಗಕ್ಕೆ ನೇರವಾಗಿ ಮುಚ್ಚಳದ ಮೇಲೆ ಒಂದು ಗುರುತು ಹಾಕಿ. ಕುಕ್ಕರ್ ತಣ್ಣಗಾಗಿ ಒತ್ತಡ ಪೂರ್ತಿ ಇಳಿದ ಮೇಲೆ ತೆಗೆದು, ಗ್ಯಾಸ್ಕೆಟ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂಗಿಸಿ. ಸೋರುವ ಜಾಗವೂ ಗ್ಯಾಸ್ಕೆಟ್ಟಿನ ಜೊತೆ ತಿರುಗಿದರೆ ದೋಷ ಗ್ಯಾಸ್ಕೆಟ್ಟಿನದು, ಬದಲಾಯಿಸಿಕೊಂಡು ಬನ್ನಿ. ಸೋರಿಕೆ ಗುರುತು ಹಾಕಿದಲ್ಲೇ ನಿಂತಿದ್ದರೆ ಮುಚ್ಚಳದ ಅಂಚೋ ಪಾತ್ರೆಯ ಬಾಯಿಯೋ ಅಲ್ಲಿ ನೆಗ್ಗಿದೆ. ಕೆಳಗೆ ಬಿದ್ದ ಕುಕ್ಕರುಗಳಲ್ಲಿ ಇದು ಸಾಮಾನ್ಯ. ಅಂಥ ಕುಕ್ಕರಿಗೆ ಎಷ್ಟು ಗ್ಯಾಸ್ಕೆಟ್ ತಂದರೂ ಪ್ರಯೋಜನವಿಲ್ಲ, ಸುತ್ತಿಗೆಯಿಂದ ತಟ್ಟಿ ನೇರ ಮಾಡಲೂ ಹೋಗಬಾರದು. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಹಬೆ ಅಂಚಿನಲ್ಲಿ ಅಲ್ಲದೆ ಮುಚ್ಚಳದ ಮೇಲಿನ ಸೇಫ್ಟಿ ವಾಲ್ವಿನಿಂದ ಬರುತ್ತಿದ್ದರೆ ಗ್ಯಾಸ್ಕೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ, ಬದಲಾಯಿಸಬೇಕಾದದ್ದು ವಾಲ್ವನ್ನು.

ಸರಿಹೊಂದಿದ ಗ್ಯಾಸ್ಕೆಟ್ಟಿನ ಪೊಟ್ಟಣವನ್ನು ಬಿಸಾಡಬೇಡಿ. ಅದರ ಮೇಲಿನ ನಂಬರನ್ನು ಕತ್ತರಿಸಿ ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ, ಪಕ್ಕದಲ್ಲಿ ಅದು ಯಾವ ಕುಕ್ಕರಿನದು, ಯಾವಾಗ ಹಾಕಿದ್ದು ಎಂದು ಬರೆದಿಡಿ.